ಗೋತ್ರ ಬೇರೆ, ಬ್ಲಡ್ ಗ್ರೂಪ್ ಬೇರೆ. ಮತ್ತೆ ಈ 0.125 ಯಾವ ಲೆಕ್ಕ?

ಪ್ರಶ್ನೆ: ನನಗೆ 31 ವರ್ಷ. ದೊಡ್ಡಕ್ಕನ ಮಗಳನ್ನು ನನಗೇ ತರಬೇಕು ಅಂತ ಮನೆಯಲ್ಲಿ ಮಾತಾಗಿದೆ. ಅವಳು ಓದು ಮುಗಿಸಿ ಕೆಲಸದಲ್ಲಿದ್ದಾಳೆ, ಅವಳಿಗೂ ಒಪ್ಪಿಗೆ. ಭಾವ ಹೊರಗಿನ ಸಂಬಂಧ. ನಮ್ಮ ಅಪ್ಪ ಅಮ್ಮ ಕೂಡ ಸೋದರಮಾವ, ಅಕ್ಕನ ಮಗಳೇ. ಆದರೂ ನಾವು ಮೂರು ಜನ ಮಕ್ಕಳೂ ಆರೋಗ್ಯವಾಗಿದ್ದೇವೆ. ಗೋತ್ರ ಬೇರೆ, ಬ್ಲಡ್ ಗ್ರೂಪ್ ಕೂಡ ಬೇರೆ. ಒಬ್ಬ ಡಾಕ್ಟರು ಮಾತ್ರ "ಎಫ್ 0.125 ಆಗುತ್ತೆ, ಯೋಚನೆ ಮಾಡಿ" ಅಂದರು. ಅಂದ್ರೆ ಎಂಟರಲ್ಲಿ ಒಂದು ಮಗುವಿಗೆ ಕಾಯಿಲೆ ಬರುತ್ತೆ ಅಂತಲಾ?

ಉತ್ತರ: ಇಲ್ಲ, ಹಾಗಲ್ಲ. ಆದರೆ ನಿಮ್ಮ ಮನೆಯ ಮಟ್ಟಿಗೆ ಆ 0.125 ಕೂಡ ಸರಿಯಿಲ್ಲ. ನಿಜವಾದ ಲೆಕ್ಕ ಅದಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಒಂದೊಂದಾಗಿ ನೋಡೋಣ.

ನಮ್ಮಲ್ಲಿ ಹೆಚ್ಚುಕಡಿಮೆ ಎಲ್ಲ ಜೀನ್‌ಗಳೂ ಜೋಡಿಯಾಗಿರುತ್ತವೆ. ಅಪ್ಪನ ಕಡೆಯಿಂದ ಒಂದು ಪ್ರತಿ, ಅಮ್ಮನ ಕಡೆಯಿಂದ ಒಂದು ಪ್ರತಿ. ಕೆಲವು ಜೀನ್‌ಗಳಲ್ಲಿ ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಪೂರ್ತಿ ಕೆಲಸ ನಡೆಸಿಕೊಂಡು ಹೋಗುತ್ತದೆ. ಮನೆ ಬೀಗಕ್ಕೆ ಎರಡು ಕೀಲಿ ಇದ್ದ ಹಾಗೆ. ಒಂದು ಮುರಿದಿದ್ದರೆ ನಿಮಗೆ ಗೊತ್ತೂ ಆಗುವುದಿಲ್ಲ. ಹೀಗೆ ಒಂದು ಕೆಟ್ಟ ಪ್ರತಿ ಇಟ್ಟುಕೊಂಡು ಆರಾಮಾಗಿರುವವರನ್ನು ವಾಹಕರು ಅನ್ನುತ್ತೇವೆ. ನೀವು, ನಾನು, ಎಲ್ಲರೂ ಯಾವುದೋ ಒಂದಕ್ಕೆ ವಾಹಕರೇ. ಎರಡೂ ಪ್ರತಿ ಕೆಟ್ಟಿದ್ದಾಗ ಮಾತ್ರ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಇಂಥವೇ ರಿಸೆಸಿವ್ ಕಾಯಿಲೆಗಳು. ನಿಮ್ಮ ಪ್ರಶ್ನೆಗೆ ಸಂಬಂಧಪಟ್ಟವು ಇವು ಮಾತ್ರ. ಡೌನ್ ಸಿಂಡ್ರೋಮ್‌ನಂಥವಕ್ಕೂ ಸಂಬಂಧದಲ್ಲಿ ಮದುವೆಯಾಗುವುದಕ್ಕೂ ನಂಟಿಲ್ಲ. ಅದು ತಾಯಿಯ ವಯಸ್ಸಿಗೆ ಸೇರಿದ ವಿಷಯ.

ಈಗ ಎಫ್ ವಿಷಯ. ಪೂರ್ತಿ ಹೆಸರು ಇನ್‌ಬ್ರೀಡಿಂಗ್ ಕೋಎಫಿಶಿಯೆಂಟ್. ಅಮೆರಿಕದ ಸೀವಲ್ ರೈಟ್ 1922ರಲ್ಲಿ ಕೊಟ್ಟ ಅಳತೆ ಇದು. ಅವರು ದನಗಳ ತಳಿ ಲೆಕ್ಕ ನೋಡುತ್ತಿದ್ದವರು, ನಮ್ಮ ಮದುವೆಗಳ ಯೋಚನೆ ಅವರಿಗೆ ಇದ್ದಿರಲಾರದು! ಒಂದು ಮಗುವಿನಲ್ಲಿ ಒಂದು ಜೀನ್‌ನ ಎರಡು ಪ್ರತಿಗಳೂ ಒಬ್ಬನೇ ಹಿರಿಯನ ಒಂದೇ ಪ್ರತಿಯ ನಕಲುಗಳಾಗಿರುವ ಸಾಧ್ಯತೆ ಎಷ್ಟು? ಅದೇ ಎಫ್. ಆ ಪ್ರತಿ ಒಳ್ಳೆಯದೋ ಕೆಟ್ಟದೋ ಅಂತ ಎಫ್ ಹೇಳುವುದಿಲ್ಲ. ಎರಡೂ ಒಂದೇ ಮೂಲದಿಂದ ಬಂದವಾ ಅನ್ನುವುದಷ್ಟೇ ಅದರ ಲೆಕ್ಕ.

0.125 ಅಂದರೆ ಎಂಟರಲ್ಲಿ ಒಂದು. ಇದು ಎಲ್ಲಿಂದ ಬಂತು? ಮೂರು ಸಲ ನಾಣ್ಯ ಚಿಮ್ಮಿದರೆ ಸಾಕು. ನಿಮ್ಮ ಮಗುವಿನ ಯಾವುದಾದರೂ ಒಂದು ಜೀನ್ ತೆಗೆದುಕೊಳ್ಳಿ. ನೀವು ಕೊಟ್ಟ ಪ್ರತಿ ನಿಮ್ಮ ಅಪ್ಪನದೋ ಅಮ್ಮನದೋ ಆಗಿರಲೇಬೇಕು. ನಿಮ್ಮ ಹೆಂಡತಿ ಕೊಟ್ಟ ಪ್ರತಿ ಅವಳಿಗೆ ನಿಮ್ಮ ಅಕ್ಕನಿಂದಲೂ ಬಂದಿರಬಹುದು, ಭಾವನಿಂದಲೂ ಬಂದಿರಬಹುದು. ಅಕ್ಕನಿಂದ ಬಂದಿರುವ ಸಾಧ್ಯತೆ ಅರ್ಧ. ಇದು ಮೊದಲ ನಾಣ್ಯ. ಅಕ್ಕನ ಆ ಪ್ರತಿ, ನಿಮ್ಮದು ಯಾರಿಂದ ಬಂತೋ ಅವರಿಂದಲೇ ಬಂದಿರುವ ಸಾಧ್ಯತೆ ಇನ್ನೊಂದು ಅರ್ಧ. ಇದು ಎರಡನೆಯದು. ಅವರ ಹತ್ತಿರ ಇರುವುದು ಎರಡು ಪ್ರತಿ. ನಿಮಗೂ ಅಕ್ಕನಿಗೂ ಅದೇ ಒಂದು ಸಿಕ್ಕಿರುವ ಸಾಧ್ಯತೆ ಮತ್ತೊಂದು ಅರ್ಧ. ಅರ್ಧದ ಅರ್ಧದ ಅರ್ಧ ಎಂದರೆ ಎಂಟರಲ್ಲಿ ಒಂದು.

ಅತ್ತೆ ಮಗ, ಮಾವನ ಮಗಳ ಮದುವೆಯಲ್ಲಿ ಎರಡೂ ಕಡೆ ಹೊರಗಿನವರು ಒಬ್ಬೊಬ್ಬರು ಸೇರಿರುತ್ತಾರೆ. ಅಲ್ಲಿ ಇನ್ನೊಂದು ನಾಣ್ಯ ಜಾಸ್ತಿ, ಹಾಗಾಗಿ ಎಫ್ ಹದಿನಾರರಲ್ಲಿ ಒಂದು.

ನಿಮ್ಮ ಲೆಕ್ಕ ಇಲ್ಲಿಗೆ ನಿಲ್ಲುವುದಿಲ್ಲ. ಎರಡನೇ ನಾಣ್ಯ ತಪ್ಪಿತು ಅಂದುಕೊಳ್ಳಿ. ನಿಮ್ಮ ಪ್ರತಿ ಅಪ್ಪನಿಂದ ಬಂದಿದೆ, ಅಕ್ಕನದು ಅಮ್ಮನಿಂದ. ಅಪ್ಪ ಅಮ್ಮ ಬೇರೆ ಬೇರೆ ಮನೆತನದವರಾಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಿಮ್ಮಲ್ಲಿ ಅವರೇ ಸೋದರಮಾವ, ಅಕ್ಕನ ಮಗಳು. ಅವರಿಬ್ಬರ ಪ್ರತಿಗಳೂ ಒಂದೇ ಮೂಲದವಾಗಿರುವ ಸಾಧ್ಯತೆ ಎಂಟರಲ್ಲಿ ಒಂದು ಇದೆ. ಅರ್ಧ, ಅರ್ಧ, ಎಂಟನೇ ಒಂದು ಇವನ್ನು ಗುಣಿಸಿದರೆ 32ರಲ್ಲಿ ಒಂದು. ಇದನ್ನು ಮೊದಲಿನದಕ್ಕೆ ಕೂಡಿಸಬೇಕು. ಆಗ ನಿಮ್ಮ ಮಗುವಿನ ಎಫ್ 32ರಲ್ಲಿ ಐದು, ಅಂದರೆ ಸುಮಾರು 0.156. ಡಾಕ್ಟರು ನಿಮ್ಮ ಅಪ್ಪ ಅಮ್ಮನ ವಿಷಯ ಕೇಳಿರಲಿಕ್ಕಿಲ್ಲ. ಗಡಿಬಿಡಿಯಲ್ಲಿ ಇದು ತುಂಬಾ ಸಲ ಬಿಟ್ಟುಹೋಗುತ್ತದೆ.

ಎಫ್ ಕಾಯಿಲೆಯ ಲೆಕ್ಕಕ್ಕೆ ಹೇಗೆ ಸೇರುತ್ತದೆ ಅನ್ನುವುದಕ್ಕೆ ಒಂದು ಹಳೇ ಕಾಯಿಲೆಯ ಕಥೆ ಹೇಳಬೇಕು. ಆಲ್ಕಾಪ್ಟೋನ್ಯೂರಿಯಾ ಅಂತ ಅದರ ಹೆಸರು. ಮಗುವಿನ ಮೂತ್ರ ಗಾಳಿಗೆ ಬಿಟ್ಟರೆ ಕಪ್ಪಾಗುತ್ತದೆ. ಲಂಗೋಟಿ ಮೇಲೆ ಕಪ್ಪು ಕಲೆ ಕಂಡು ತಾಯಂದಿರು ಗಾಬರಿಯಾಗುತ್ತಾರೆ. ಲಂಡನ್ನಿನ ಆರ್ಚಿಬಾಲ್ಡ್ ಗ್ಯಾರಡ್ ಎಂಬ ಡಾಕ್ಟರು 1902ರಲ್ಲಿ ಇಂಥ ಮಕ್ಕಳ ಬಗ್ಗೆ ಬರೆದರು. ಅಪ್ಪ ಅಮ್ಮನ ಸಂಬಂಧ ಗೊತ್ತಿದ್ದ ಕುಟುಂಬಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆ ಅವರು ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ, ಮಾವನ ಮಕ್ಕಳೇ ಆಗಿದ್ದರು. ಇಂಗ್ಲೆಂಡಿನಲ್ಲಿ ಅಂಥ ಮದುವೆಗಳೇ ಅಪರೂಪ. ಹಾಗಿದ್ದೂ ಈ ಅಪರೂಪದ ಕಾಯಿಲೆ ಅವರ ಮನೆಗಳನ್ನೇ ಯಾಕೆ ಹುಡುಕಿಕೊಂಡು ಹೋಗುತ್ತದೆ? ಇದು ಮೆಂಡಲ್ ಬಟಾಣಿ ಗಿಡಗಳಲ್ಲಿ ಕಂಡ ರಿಸೆಸಿವ್ ಗುಣದ ಹಾಗೇ ಇದೆ ಅಂತ ವಿಲಿಯಂ ಬೇಟ್ಸನ್ ಗುರುತಿಸಿದರು. ಮನುಷ್ಯರ ಕಾಯಿಲೆಯೊಂದನ್ನು ಹೀಗೆ ಗುರುತಿಸಿದ್ದು ಅದೇ ಮೊದಲು.

ಈ ಕಾಯಿಲೆಯನ್ನೇ ಇಟ್ಟುಕೊಂಡು ಲೆಕ್ಕ ಮಾಡೋಣ. ಸಂಬಂಧ ಇಲ್ಲದವರ ಮಕ್ಕಳಲ್ಲಿ ಇದು ಎರಡೂವರೆ ಲಕ್ಷಕ್ಕೆ ಒಂದು ಅಂತ ಇಟ್ಟುಕೊಳ್ಳಿ. ಹಾಗಿದ್ದರೆ ಜನರಲ್ಲಿರುವ ಆ ಜೀನ್‌ನ ಪ್ರತಿಗಳಲ್ಲಿ 500ಕ್ಕೆ ಒಂದು ಕೆಟ್ಟದ್ದು. ಹೊರಗಿನ ಸಂಬಂಧದಲ್ಲಿ ಅಂಥ ಎರಡು ಪ್ರತಿಗಳು ಆಕಸ್ಮಿಕವಾಗಿ ಸೇರಬೇಕು. 500ರಲ್ಲಿ ಒಂದನ್ನು 500ರಲ್ಲಿ ಒಂದರಿಂದ ಗುಣಿಸಿದರೆ ಆ ಎರಡೂವರೆ ಲಕ್ಷ ಬರುತ್ತದೆ. ಸಂಬಂಧದಲ್ಲಿ ಮದುವೆಯಾದಾಗ ಇನ್ನೊಂದು ದಾರಿ ತೆರೆದುಕೊಳ್ಳುತ್ತದೆ. ಒಂದೇ ಒಂದು ಕೆಟ್ಟ ಪ್ರತಿ ಮನೆಯೊಳಗಿದ್ದರೆ ಸಾಕು, ಅದೇ ಎರಡು ದಾರಿಯಲ್ಲಿ ಇಳಿದು ಬಂದು ಮಗುವಿನಲ್ಲಿ ಸೇರಬಹುದು. ಸೂತ್ರ ಬೇಕಾದವರಿಗೆ:

```
q² + F × q × (1 − q)
```

ಇಲ್ಲಿ `q` ಅಂದರೆ ಆ ಕೆಟ್ಟ ಪ್ರತಿ ಜನರಲ್ಲಿ ಎಷ್ಟಿದೆ ಅನ್ನುವುದು. ಸೋದರಮಾವ, ಅಕ್ಕನ ಮಗಳ ಮದುವೆಗೆ ಎಂಟರಲ್ಲಿ ಒಂದು ಹಾಕಿ ನೋಡಿದರೆ ಉತ್ತರ ಸುಮಾರು 3,900ಕ್ಕೆ ಒಂದು. ಎರಡೂವರೆ ಲಕ್ಷಕ್ಕೆ ಒಂದು ಇದ್ದದ್ದು ಅರವತ್ತು ಪಟ್ಟಿಗಿಂತ ಜಾಸ್ತಿಯಾಯಿತು. ನಿಮ್ಮ 0.156 ಹಾಕಿದರೆ ಇನ್ನೂ ಸ್ವಲ್ಪ ಮೇಲೆ ಹೋಗುತ್ತದೆ.

ಈಗ ಇಷ್ಟು ಅಪರೂಪ ಅಲ್ಲದ ಒಂದನ್ನು ತೆಗೆದುಕೊಳ್ಳಿ. ನಮ್ಮ ದೇಶದಲ್ಲಿ ಬೀಟಾ ಥಲಸ್ಸೀಮಿಯಾ ವಾಹಕರು ಸರಾಸರಿ ನೂರಕ್ಕೆ ಮೂರು ನಾಲ್ಕು ಜನ. ನಾಲ್ಕು ಅಂತಲೇ ಹಿಡಿದರೆ ಪ್ರತಿಗಳಲ್ಲಿ 50ಕ್ಕೆ ಒಂದು ಕೆಟ್ಟದ್ದು. ಹೊರಗಿನ ಸಂಬಂಧದಲ್ಲಿ 2,500 ಮಕ್ಕಳಿಗೆ ಒಂದು, ಸೋದರಮಾವನ ಮದುವೆಯಲ್ಲಿ ಸುಮಾರು 350ಕ್ಕೆ ಒಂದು. ಇಲ್ಲಿ ಏಳು ಪಟ್ಟು ಮಾತ್ರ. ಕಾಯಿಲೆ ಅಪರೂಪವಾದಷ್ಟೂ ಸಂಬಂಧದಲ್ಲಿ ಮದುವೆಯಾದಾಗ ಏರುವ ಪಟ್ಟು ದೊಡ್ಡದು. ಕಾರಣ ಸುಲಭ. ಅಪರೂಪದ ಕೆಟ್ಟ ಪ್ರತಿಗೆ ಹೊರಗೆ ಜೋಡಿ ಸಿಗುವುದಿಲ್ಲ, ಸಿಕ್ಕರೆ ಮನೆಯೊಳಗೇ ಸಿಗಬೇಕು. ಹೆಸರೇ ಕೇಳಿರದ ಕಾಯಿಲೆಯ ಮಗು ಬಂದಾಗ "ನೀವಿಬ್ಬರೂ ಸಂಬಂಧಿಕರಾ?" ಅಂತ ನಾವು ಮೊದಲು ಕೇಳುವುದು ಇದಕ್ಕೇ.

ಇಂಥ ಒಂದೊಂದು ಕಾಯಿಲೆಯ ಸಾಧ್ಯತೆ ಸಣ್ಣದೇ. ಆದರೆ ರಿಸೆಸಿವ್ ಕಾಯಿಲೆಗಳು ಸಾವಿರಗಟ್ಟಲೆ ಇವೆ. ಎಲ್ಲ ಸೇರಿಸಿದರೆ ಎಷ್ಟಾಗುತ್ತದೆ? ಇಂಗ್ಲೆಂಡಿನ ಬ್ರಾಡ್‌ಫರ್ಡ್ ಊರಿನಲ್ಲಿ ಹುಟ್ಟಿದ ಹನ್ನೊಂದು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನೋಡಿದ ಅಧ್ಯಯನ 2013ರಲ್ಲಿ ಬಂತು. ಹುಟ್ಟಿನಿಂದಲೇ ಬರುವ ದೋಷಗಳು ಸಾಮಾನ್ಯವಾಗಿ ನೂರಕ್ಕೆ ಮೂರು ಇದ್ದದ್ದು, ಎಫ್ ಹದಿನಾರರಲ್ಲಿ ಒಂದು ಇರುವ ಮದುವೆಗಳಲ್ಲಿ ಆರಾಯಿತು. ಅಲ್ಲೂ ನೂರಕ್ಕೆ 94 ಮಕ್ಕಳಿಗೆ ಅಂಥ ದೋಷ ಇರಲಿಲ್ಲ ಅನ್ನುವುದನ್ನೂ ಗಮನಿಸಿ. ನಿಮ್ಮ ಎಫ್ ಆ ಜೋಡಿಗಳ ಎರಡೂವರೆ ಪಟ್ಟು ಅನ್ನುವುದನ್ನೂ ಗಮನಿಸಿ.

"ಅಪ್ಪ ಅಮ್ಮನೂ ಹಾಗೇ ಆಗಿದ್ದಾರೆ, ನಾವು ಚೆನ್ನಾಗೇ ಇದ್ದೀವಲ್ಲ" ಅನ್ನುವ ಮಾತಿಗೆ ಬರುತ್ತೇನೆ. ಈ ಮಾತು ಕೇಳದ ವಾರವೇ ನನಗಿಲ್ಲ. ನಿಮ್ಮ ತಂದೆಯ ಅಪ್ಪನಲ್ಲಿ ಒಂದು ಕೆಟ್ಟ ಪ್ರತಿ ಇತ್ತು ಅಂತಲೇ ಇಟ್ಟುಕೊಳ್ಳೋಣ. ಅದು ನಿಮ್ಮ ತಂದೆಗೆ ಬಂದಿರುವ ಸಾಧ್ಯತೆ ಅರ್ಧ. ತಂದೆಯ ಅಕ್ಕನ ಮೂಲಕ ನಿಮ್ಮ ತಾಯಿಗೆ ಬಂದಿರುವ ಸಾಧ್ಯತೆ ಕಾಲು. ಇಬ್ಬರಲ್ಲೂ ಇರುವುದು ಎಂಟು ಮನೆಗಳಲ್ಲಿ ಒಂದರಲ್ಲಿ ಮಾತ್ರ. ಆ ಒಂದು ಮನೆಯಲ್ಲೂ ಪ್ರತಿ ಬಸಿರಿಗೆ ಕಾಯಿಲೆಯ ಸಾಧ್ಯತೆ ನಾಲ್ಕರಲ್ಲಿ ಒಂದು. ಒಟ್ಟಿಗೆ ಲೆಕ್ಕ ಹಾಕಿದರೆ, ಮೂರು ಮಕ್ಕಳಿರುವ ಇಂಥ ನೂರು ಮನೆಗಳಲ್ಲಿ 93 ಮನೆಗಳು ಏನೂ ಕಾಣದೆ ದಾಟಿಬಿಡುತ್ತವೆ. ಮಿಕ್ಕ ಏಳು ಮನೆಗಳಲ್ಲಿ ಕೆಲವಕ್ಕೆ ಒಂದಲ್ಲ, ಎರಡು ಮಕ್ಕಳಿಗೂ ಆಗುತ್ತದೆ. ಊರಿನಲ್ಲಿ ನಮಗೆ ಕಾಣುವುದು ಇದೇ ಚಿತ್ರ: ಹೆಚ್ಚಿನ ಮನೆಗಳಿಗೆ ಏನೂ ಆಗಿಲ್ಲ, ಒಂದೆರಡು ಮನೆಗೆ ಮಾತ್ರ ಮೇಲಿಂದ ಮೇಲೆ. ಆ ಮನೆಯವರನ್ನು ಜನ "ಶಾಪ" ಅಂತ ಆಡಿಕೊಳ್ಳುತ್ತಾರೆ. ನೀವು ಆರೋಗ್ಯವಾಗಿರುವುದು ಕೆಟ್ಟ ಪ್ರತಿ ಇಲ್ಲ ಅನ್ನುವುದಕ್ಕೆ ಸಾಕ್ಷಿಯಲ್ಲ. ಅದು ಇದ್ದೂ ಸೇರದೆ ಉಳಿದಿರಬಹುದು.

ಗೋತ್ರದ ಮಾತು ಬೇಗ ಮುಗಿಯುತ್ತದೆ. ಗೋತ್ರ ತಂದೆಯ ಕಡೆಯ ಒಂದೇ ಎಳೆ ಹಿಡಿದು ಹೋಗುತ್ತದೆ. ನಿಮ್ಮ ಅಕ್ಕ ಮದುವೆಯಾಗಿ ಹೋದ ಕೂಡಲೇ ಅವರ ಮಗಳ ಗೋತ್ರ ಬದಲಾಯಿತು, ಜೀನ್ ಬದಲಾಗಲಿಲ್ಲ. ಚಿಕ್ಕಪ್ಪನ ಮಗಳು ತಂಗಿ, ಸೋದರಮಾವನ ಮಗಳು ಮದುವೆಗೆ ಬರುವ ಹುಡುಗಿ ಅಂತ ನಾವು ಗೆರೆ ಎಳೆದಿದ್ದೇವೆ. ಎಫ್ ಲೆಕ್ಕದಲ್ಲಿ ಇಬ್ಬರೂ ಹದಿನಾರರಲ್ಲಿ ಒಂದೇ.

ಬ್ಲಡ್ ಗ್ರೂಪ್ ವಿಷಯ ಮಾತ್ರ ನನಗೆ ಸ್ವಲ್ಪ ಸಿಟ್ಟು ತರಿಸುತ್ತದೆ, ಯಾಕೆಂದರೆ ಅದರಿಂದ ಸಿಗುವುದು ಸುಳ್ಳು ಧೈರ್ಯ. ಎ, ಬಿ, ಒ ಗುಂಪನ್ನು ತೀರ್ಮಾನಿಸುವುದು ಒಂದು ಜೀನ್. ಮನುಷ್ಯನಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳೇ ಸುಮಾರು ಇಪ್ಪತ್ತು ಸಾವಿರ. ಒಡಹುಟ್ಟಿದವರಿಗೇ ಬೇರೆ ಬೇರೆ ಗುಂಪು ಇರುತ್ತದೆ, ಅಲ್ವಾ? ಗುಂಪು ನೋಡಬೇಕಾದದ್ದು ಆರ್‌ಎಚ್ ನೆಗೆಟಿವ್ ಹೆಂಗಸರಿಗೆ ಬಸಿರಿನಲ್ಲಿ ಇಂಜೆಕ್ಷನ್ ಕೊಡಬೇಕಾ ಅಂತ ತಿಳಿಯಲು. ಅದು ಬೇರೆಯೇ ವಿಷಯ.

ಇನ್ನು ಎಫ್‌ನ ಒಂದು ಮಿತಿ ಇದೆ. ನಾನು ಕೌನ್ಸೆಲಿಂಗ್‌ಗೆ ಬಂದವರ ಜೊತೆ ಜಾಸ್ತಿ ಹೊತ್ತು ಮಾತಾಡುವುದು ಇದರ ಬಗ್ಗೆಯೇ. ಎಫ್ ಮನೆಯ ಇತಿಹಾಸ ಗೊತ್ತಿಲ್ಲದಿದ್ದಾಗಿನ ಲೆಕ್ಕ. ಮನೆಯಲ್ಲಿ ಹಿಂದೆ ಏನಾದರೂ ಆಗಿದ್ದರೆ ಲೆಕ್ಕವೇ ಬದಲಾಗುತ್ತದೆ.

ಕೆಲವು ವರ್ಷದ ಹಿಂದೆ ನಿಮ್ಮ ಹಾಗೇ ಸೋದರಮಾವ, ಅಕ್ಕನ ಮಗಳ ಜೋಡಿ ಬಂದಿತ್ತು. ಮಗು ಹುಟ್ಟಿದಾಗ ಗುಂಡುಗುಂಡಾಗಿತ್ತು. ನಾಲ್ಕನೇ ದಿನ ಹಾಲು ಬಿಟ್ಟಿತು, ಮಂಕಾಯಿತು, ಫಿಟ್ಸ್ ಬಂತು, ಹತ್ತು ದಿನದೊಳಗೆ ಹೋಯಿತು. ನಾನು ಹಾಳೆ ಮೇಲೆ ವಂಶವೃಕ್ಷ ಬರೆಯುತ್ತಿದ್ದೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಸಂಬಂಧದಲ್ಲಿ ಮದುವೆಯಾಗಿದ್ದರೆ ನಡುವೆ ಜೋಡಿ ಗೆರೆ. ಹಿಂದೆ ಯಾರಿಗಾದರೂ ಹೀಗಾಗಿತ್ತಾ ಅಂದರೆ ಇಬ್ಬರೂ ಇಲ್ಲ ಅಂದರು. ಹುಡುಗನ ತಾಯಿ ಹೊರಗೆ ಬೆಂಚಿನ ಮೇಲೆ ಕೂತಿದ್ದರು, ಒಳಗೆ ಕರೆಸಿದೆ. "ನಿಮಗೆ ಎಷ್ಟು ಮಕ್ಕಳು ಅಮ್ಮ?" ಅಂದೆ. "ನಾಲ್ಕು" ಅಂದರು. "ಹುಟ್ಟಿ ಹೋದದ್ದು?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದರು. ಆಮೇಲೆ ಹೇಳಿದರು: ಎರಡನೆಯದು ಗಂಡು ಮಗು, ಎಂಟು ದಿನ ಇತ್ತು, ಬಾಲಗ್ರಹ ಅಂದರು. ಲಂಗೋಟಿಯಲ್ಲಿ ಬೆಲ್ಲದ ಪಾಕ ಸೀದ ಹಾಗೆ ವಾಸನೆ ಬರುತ್ತಿತ್ತು, ಯಾರಿಗೂ ಹೇಳಿರಲಿಲ್ಲ.

ಆ ವಾಸನೆಗೆ ಒಂದು ಹೆಸರಿದೆ. ಮೇಪಲ್ ಸಿರಪ್ ಯೂರಿನ್ ಡಿಸೀಸ್ ಅನ್ನುವ ರಿಸೆಸಿವ್ ಕಾಯಿಲೆಯಲ್ಲಿ ಪ್ರೋಟೀನಿನ ಮೂರು ಅಮೈನೋ ಆಮ್ಲಗಳನ್ನು ದೇಹ ಅರಗಿಸಲಾರದು. ಹಾಲು ಕುಡಿಯಲು ಶುರುವಾದ ಮೇಲೆ ಅವು ರಕ್ತದಲ್ಲಿ ತುಂಬಿಕೊಂಡು ಮಿದುಳಿಗೆ ಏಟು ಕೊಡುತ್ತವೆ. ಹುಟ್ಟಿದಾಗ ಚೆನ್ನಾಗಿದ್ದು ಕೆಲವೇ ದಿನದಲ್ಲಿ ಕೈಬಿಟ್ಟುಹೋಗುವುದು ಇಂಥ ಕಾಯಿಲೆಗಳ ಗುರುತು.

ಆ ತಾಯಿಯ ಒಂದು ಮಾತಿನಿಂದ ಲೆಕ್ಕ ಎಲ್ಲಿಗೆ ಹೋಯಿತು ನೋಡಿ. ಅವರ ಮಗುವಿಗೆ ಅದೇ ಕಾಯಿಲೆ ಇದ್ದದ್ದಾದರೆ ಅವರೂ ಅವರ ಗಂಡನೂ ಇಬ್ಬರೂ ವಾಹಕರು. ಹಾಗಿದ್ದಾಗ ಉಳಿದ ಆರೋಗ್ಯವಂತ ಮಕ್ಕಳು ಒಬ್ಬೊಬ್ಬರೂ ವಾಹಕರಾಗಿರುವ ಸಾಧ್ಯತೆ ಮೂರರಲ್ಲಿ ಎರಡು. ಹುಡುಗನಿಗೆ ಮೂರರಲ್ಲಿ ಎರಡು, ಅವನ ಅಕ್ಕನಿಗೂ ಮೂರರಲ್ಲಿ ಎರಡು, ಅಕ್ಕನ ಮಗಳಿಗೆ ಅದರ ಅರ್ಧ, ಅಂದರೆ ಮೂರರಲ್ಲಿ ಒಂದು. ಇಬ್ಬರೂ ವಾಹಕರಾದರೆ ಮಗುವಿಗೆ ನಾಲ್ಕರಲ್ಲಿ ಒಂದು. ಎಲ್ಲ ಗುಣಿಸಿದರೆ 18ರಲ್ಲಿ ಒಂದು. ಒಂದೇ ಕಾಯಿಲೆಗೆ, ಮದುವೆಗೆ ಮುಂಚೆಯೇ! ಬರೀ ಎಫ್ ಹಿಡಿದು ಕೂತಿದ್ದರೆ ಅದು ಸಾವಿರಗಳಲ್ಲಿ ಒಂದು ಅಂತ ಬರುತ್ತಿತ್ತು. ಮದುವೆಗೆ ಮೊದಲು ಯಾರೂ ಅವರನ್ನು ಕೇಳಿರಲಿಲ್ಲ.

ಹಾಗಾಗಿ ನೀವು ಮೊದಲು ಮಾಡಬೇಕಾದ ಪರೀಕ್ಷೆ ಲ್ಯಾಬಿನದಲ್ಲ. ಮನೆಯ ಹಿರಿಯ ಹೆಂಗಸರನ್ನು ಕೂರಿಸಿಕೊಂಡು ಕೇಳಿ. ಹುಟ್ಟಿ ತೀರಿಕೊಂಡ ಮಕ್ಕಳು, ಮಾತು ಬಾರದವರು, ಕಿವಿ ಕೇಳದವರು, ನಡೆಯಲಾಗದೆ ಹೋದವರು, ಚಿಕ್ಕಂದಿನಲ್ಲೇ ಕಣ್ಣು ಹೋದವರು ಯಾರಿದ್ದರು? ಅಂಥವರು ಯಾರಾದರೂ ಈಗಲೂ ಬದುಕಿದ್ದರೆ ಮೊದಲು ಪರೀಕ್ಷೆ ಮಾಡಬೇಕಾದ್ದು ಅವರನ್ನು, ನಿಮ್ಮನ್ನಲ್ಲ. ಅವರಲ್ಲಿ ಯಾವ ಜೀನ್‌ನ ಯಾವ ಜಾಗ ಕೆಟ್ಟಿದೆ ಅಂತ ಸಿಕ್ಕರೆ, ನಿಮ್ಮಿಬ್ಬರಲ್ಲಿ ಅದೇ ಜಾಗ ನೋಡುವುದು ಸುಲಭ, ಉತ್ತರವೂ ಖಚಿತ.

ಯಾರೂ ಇಲ್ಲದಿದ್ದರೆ ಇಬ್ಬರೂ ರಕ್ತ ಕೊಡಿ. ಥಲಸ್ಸೀಮಿಯಾಗೆ ಎಚ್‌ಬಿ ಎ2 ಪರೀಕ್ಷೆ, ಇದು ದುಬಾರಿಯಲ್ಲ. ಮಿಕ್ಕದ್ದಕ್ಕೆ ಎಕ್ಸೋಮ್ ಕ್ಯಾರಿಯರ್ ಪರೀಕ್ಷೆ, ಸಾವಿರಾರು ಜೀನ್‌ಗಳನ್ನು ಒಟ್ಟಿಗೆ ಓದುತ್ತದೆ. ರಿಪೋರ್ಟಿನಲ್ಲಿ ನಿಮ್ಮ ಹೆಸರಿನ ಕೆಳಗೆ ಒಂದೆರಡು ಕೆಟ್ಟ ಜೀನ್ ಕಂಡರೆ ಹೆದರಬೇಡಿ, ಎಲ್ಲರಿಗೂ ಬರುತ್ತದೆ. ಇಬ್ಬರಲ್ಲೂ ಒಂದೇ ಜೀನ್ ಇದೆಯಾ ಅನ್ನುವುದು ಮಾತ್ರ ಮುಖ್ಯ. ಇದು ಎಲ್ಲವನ್ನೂ ಹಿಡಿಯುವುದಿಲ್ಲ. ಬೆನ್ನುಹುರಿಯ ನರಗಳು ಸೊರಗುವ ಎಸ್‌ಎಂಎ ಕಾಯಿಲೆಯ ಜೀನ್‌ಗೆ ಅದರ ಪಕ್ಕದಲ್ಲೇ ಅದರದೇ ಹೋಲಿಕೆಯ ಇನ್ನೊಂದು ಜೀನ್ ಇದೆ. ಎಕ್ಸೋಮ್ ಅಲ್ಲಿ ಎಡವುತ್ತದೆ, ಹಾಗಾಗಿ ಅದಕ್ಕೆ ಬೇರೆ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ. ಒಂದೇ ಜೀನ್ ಇಬ್ಬರಲ್ಲೂ ಸಿಕ್ಕಿತು ಅಂದರೆ, ಬಸಿರಾದ 11ರಿಂದ 13ನೇ ವಾರದಲ್ಲಿ ಮಾಸುಚೀಲದ ಚೂರು ತೆಗೆದು ಮಗುವಿನಲ್ಲಿ ಅದು ಎರಡೂ ಕಡೆಯಿಂದ ಸೇರಿದೆಯಾ ಅಂತ ನೋಡಬಹುದು. ಮದುವೆಗೆ ಮೊದಲೇ ಗೊತ್ತಾದರೆ ಬೇರೆ ಯೋಚನೆಗೂ ಜಾಗ ಇರುತ್ತದೆ.

ನೀವು ಒಬ್ಬರೇ ಅಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಗಳಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಸಂಬಂಧದಲ್ಲೇ ಆಗಿವೆ. ಮದುವೆ ಬೇಡ ಅಂತ ನಾನು ಹೇಳುವುದಿಲ್ಲ. ಹೇಳಿದರೂ ಮನೆಗಳು ಕೇಳುವುದಿಲ್ಲ, ಆಮೇಲೆ ಪರೀಕ್ಷೆಗೂ ಬರುವುದಿಲ್ಲ. ನಿಮ್ಮ ಪತ್ರದಲ್ಲಿ "ಮೂರು ಜನ ಮಕ್ಕಳೂ ಆರೋಗ್ಯವಾಗಿದ್ದೇವೆ" ಅಂತ ಇದೆ. ನಿಮ್ಮ ದೊಡ್ಡಕ್ಕನಿಗೂ ನಿಮಗೂ ನಡುವೆ ವಯಸ್ಸಿನ ಅಂತರ ಜಾಸ್ತಿಯೇ ಇರಬೇಕು. ಆ ವರ್ಷಗಳಲ್ಲಿ ಹುಟ್ಟಿ ಉಳಿಯದ ಮಗು ಇತ್ತಾ ಅಂತ ನಿಮ್ಮ ಅಮ್ಮನನ್ನು, ಸುತ್ತ ಬೇರೆ ಯಾರೂ ಇಲ್ಲದಾಗ, ಒಮ್ಮೆ ಕೇಳಿ. ಇತ್ತು ಅಂದರೆ ಎಷ್ಟು ದಿನ ಬದುಕಿತ್ತು, ಹಾಲು ಯಾವಾಗ ಬಿಟ್ಟಿತು, ಮೈಯಲ್ಲಿ ಏನಾದರೂ ವಾಸನೆ ಇತ್ತಾ ಅಂತಲೂ ಕೇಳಿ ಬರೆದುಕೊಂಡು ಬನ್ನಿ.